ಹೃದಯನಾಳದ ಸುಣ್ಣಕ್ಕೊಂದು ಅಂಕ

ಮಂಗಳೂರಿನ ಕಂಕನಾಡಿ ಕಡೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮನೆಯ ಯಜಮಾನರಿಗೆ 52 ವರ್ಷ, ಬ್ಯಾಂಕಿನಲ್ಲಿ ಕೆಲಸ. ಬೀಡಿ, ಸಿಗರೇಟಿನ ಅಭ್ಯಾಸವಿಲ್ಲ. ಸಕ್ಕರೆ ಕಾಯಿಲೆಯೂ ಇಲ್ಲ. ರಕ್ತದೊತ್ತಡ ಸ್ವಲ್ಪ ಮೇಲಿದೆ, ಕೊಲೆಸ್ಟರಾಲೂ ಸ್ವಲ್ಪ ಹೆಚ್ಚಿದೆ. ಅವರ ತಂದೆ ಮಾತ್ರ 54ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡವರು. ಆ ವಯಸ್ಸು ಹತ್ತಿರವಾಗುತ್ತಿದೆ ಎಂಬ ಅಳುಕು ಅವರಿಗಿದೆ, ಆದರೆ ಅದನ್ನವರು ಯಾರಲ್ಲೂ ಹೇಳಿಕೊಂಡಿಲ್ಲ.

ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನ ವೈದ್ಯರಿಗೂ ಇತ್ತು. ಹಾಗಾಗಿ ಒಂದು ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಸಂಜೆ ಮನೆಗೆ ಬಂದ ವರದಿಯನ್ನು ಮೊದಲು ಬಿಡಿಸಿದವಳು ದ್ವಿತೀಯ ಪಿ.ಯು.ಸಿ. ಓದುವ ಮಗಳು. ಅದರಲ್ಲಿ ನಾಲ್ಕು ರಕ್ತನಾಳಗಳ ಹೆಸರು, ಎದುರಿಗೆ ಒಂದೊಂದು ಅಂಕಿ: ಎಡ ಮುಖ್ಯನಾಳ 0, ಎಡ ಮುಂಭಾಗದ ನಾಳ 86, ಎಡ ಸುತ್ತುನಾಳ 12, ಬಲನಾಳ 28. ಕೆಳಗೆ ದಪ್ಪಕ್ಷರದಲ್ಲಿ 'ಒಟ್ಟು ಕ್ಯಾಲ್ಸಿಯಂ ಸ್ಕೋರ್ 126'.

"ಅಪ್ಪಾ, ಇದು ನೂರಕ್ಕೆಷ್ಟು?" ಎಂದು ಮಗಳು ಕೇಳಿದಳು.

ಅವಳ ಪ್ರಶ್ನೆಯಲ್ಲೇ ಈ ವರದಿಯ ಮೊದಲ ಗೊಂದಲವಿದೆ. ಇದು ನೂರಕ್ಕೆ ಇಷ್ಟು ಎಂದು ಕೊಡುವ ಅಂಕವಲ್ಲ. ಇದಕ್ಕೆ ಮೇಲ್ಮಿತಿಯೇ ಇಲ್ಲ. ಸೊನ್ನೆಯೂ ಬರಬಹುದು, ಎರಡು ಸಾವಿರವೂ ಬರಬಹುದು. ನಾಳ ಶೇಕಡಾ ಎಷ್ಟು ಮುಚ್ಚಿದೆ ಎಂಬುದನ್ನು ಇದು ಹೇಳುವುದಿಲ್ಲ. 126 ಎಂದರೆ 'ಒಂದು ಬ್ಲಾಕ್' ಎಂದೂ ಅರ್ಥವಲ್ಲ. ಹಾಗಾದರೆ ಇದು ಯಾವುದರ ಲೆಕ್ಕ?

ಸುಣ್ಣ ಎಲ್ಲಿಂದ ಬಂತು?

ಹೃದಯದ ಸ್ನಾಯುಗಳಿಗೇ ರಕ್ತ ಕೊಡುವ ನಾಳಗಳು ಹೃದಯದ ಮೈಮೇಲೆ ಕಿರೀಟದಂತೆ ಹಬ್ಬಿರುತ್ತವೆ. ಅವುಗಳ ಒಳಗೋಡೆಯೊಳಗೆ ಕೊಲೆಸ್ಟರಾಲ್ ಸೇರಿಕೊಂಡರೆ ರಕ್ಷಣಾಕೋಶಗಳು ಅದನ್ನು ನುಂಗಲು ಬರುತ್ತವೆ. ನುಂಗಿ ನುಂಗಿ ಉಬ್ಬಿ ಅಲ್ಲಿಯೇ ಸಾಯುತ್ತವೆ. ವರ್ಷಗಟ್ಟಲೆ ಇದು ನಡೆದು ಗೋಡೆಯಲ್ಲಿ ಮೆದುವಾದ ಗಡ್ಡೆಯಂಥ ಶೇಖರಣೆಯಾಗುತ್ತದೆ. ಇದನ್ನು ವೈದ್ಯರು ಪ್ಲಾಕ್ ಎನ್ನುತ್ತಾರೆ. ಪ್ಲಾಕ್ ಹಳತಾದಂತೆ ಸತ್ತ ಕೋಶಗಳ ಸುತ್ತ ಕ್ಯಾಲ್ಸಿಯಂ ಹರಳುಗಟ್ಟುತ್ತದೆ. ನಾಳದ ಗೋಡೆಯ ಸ್ನಾಯುಕೋಶಗಳು ತಮ್ಮ ಸ್ವಭಾವ ಬದಲಿಸಿ ಮೂಳೆ ಕಟ್ಟುವ ಕೋಶಗಳಂತೆ ವರ್ತಿಸತೊಡಗುತ್ತವೆ.

ಕರಾವಳಿಯವರಿಗೆ ಸುಣ್ಣ ಹೊಸತಲ್ಲ. ಮರುವಾಯಿಯ ಚಿಪ್ಪಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ನಾಳದಲ್ಲಿ ಕೂಡುವುದು ಅದಲ್ಲ. ಮೂಳೆಯಲ್ಲೂ ಹಲ್ಲಿನಲ್ಲೂ ಇರುವ ಕ್ಯಾಲ್ಸಿಯಂ ಫಾಸ್ಫೇಟ್. ಊಟದ ಹಾಲು ಮೊಸರಿನಿಂದಲೋ ಬಾವಿಯ ಗಡಸು ನೀರಿನಿಂದಲೋ ನೇರವಾಗಿ ಬಂದು ಅಂಟಿದ ಕೊಳೆ ಇದಲ್ಲ. ಆದ್ದರಿಂದ ಸ್ಕೋರ್ ಬಂತೆಂದು ಮಜ್ಜಿಗೆ ಬಿಡುವುದರಲ್ಲಿ ಅರ್ಥವಿಲ್ಲ. ರಕ್ತಪರೀಕ್ಷೆಯಲ್ಲಿ ಬರುವ ಕ್ಯಾಲ್ಸಿಯಂ ಪ್ರಮಾಣಕ್ಕೂ ಈ ಸ್ಕೋರಿಗೂ ಸಂಬಂಧ ಕಲ್ಪಿಸಬಾರದು. ಎರಡೂ ಬೇರೆ ಬೇರೆ ಪರೀಕ್ಷೆಗಳು.

ನಾಳದ ಗೋಡೆಯಲ್ಲಿ ಸುಣ್ಣ ಕಂಡಿತೆಂದರೆ ಅಲ್ಲಿ ಪ್ಲಾಕ್ ಇದೆ, ಅದೂ ಬಹುಕಾಲದಿಂದ ಇದೆ ಎಂದು ತಿಳಿಯಬೇಕು. ಸುಣ್ಣವಾದ ಭಾಗದ ಜೊತೆಯಲ್ಲೇ ಸುಣ್ಣವಾಗದ ಮೆದು ಭಾಗವೂ ಇರುತ್ತದೆ, ಸಾಮಾನ್ಯವಾಗಿ ಅದೇ ಹೆಚ್ಚು. ಸ್ಕ್ಯಾನ್ ಎಣಿಸುವುದು ಗಟ್ಟಿ ಭಾಗವನ್ನು ಮಾತ್ರ. ಅದರಿಂದ ಒಟ್ಟು ರೋಗ ಎಷ್ಟಿರಬಹುದೆಂದು ಅಂದಾಜು ಮಾಡುತ್ತಾರೆ.

126 ಬಂದದ್ದು ಹೇಗೆ?

ಲೆಕ್ಕದ ಈ ಕ್ರಮವನ್ನು 1990ರಲ್ಲಿ ಪ್ರಕಟಿಸಿದವರು ಅಮೆರಿಕದ ಮಯಾಮಿ ಬೀಚಿನ ಹೃದ್ರೋಗ ತಜ್ಞ ಆರ್ಥರ್ ಅಗಾಟ್‌ಸ್ಟನ್, ಕ್ಷಕಿರಣ ತಜ್ಞ ವಾರೆನ್ ಜನೋವಿಟ್ಜ್ ಮತ್ತು ಸಂಗಡಿಗರು. ಅದಕ್ಕೇ ಅನೇಕ ವರದಿಗಳಲ್ಲಿ 'ಅಗಾಟ್‌ಸ್ಟನ್ ಸ್ಕೋರ್' ಎಂದೇ ಬರೆದಿರುತ್ತದೆ.

ಪರೀಕ್ಷೆ ಸರಳ. ಎದೆಗೆ ಇ.ಸಿ.ಜಿ. ತಂತಿ ಅಂಟಿಸುತ್ತಾರೆ, ಕೆಲವು ಸೆಕೆಂಡು ಉಸಿರು ಹಿಡಿಯಲು ಹೇಳುತ್ತಾರೆ. ಇಂಜೆಕ್ಷನ್ ಇಲ್ಲ, ಬಣ್ಣದ ದ್ರವವಿಲ್ಲ. ಎರಡು ಬಡಿತಗಳ ನಡುವೆ ಹೃದಯ ಹೆಚ್ಚು ಸ್ತಬ್ಧವಾಗಿರುವ ಕ್ಷಣವನ್ನು ಇ.ಸಿ.ಜಿ. ನೋಡಿಕೊಂಡು ಯಂತ್ರ ಚಿತ್ರ ತೆಗೆಯುತ್ತದೆ. ವಿಕಿರಣದ ಪ್ರಮಾಣ ಸುಮಾರು ಒಂದು ಮಿಲಿಸೀವರ್ಟ್. ಮಣ್ಣು, ಗಾಳಿ, ಆಕಾಶದಿಂದ ಮನುಷ್ಯನಿಗೆ ವರ್ಷಕ್ಕೆ ಸಹಜವಾಗಿ ಸಿಗುವುದು ಜಾಗತಿಕ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್. ಸ್ಕ್ಯಾನಿನದು ಅದರ ಅರ್ಧಕ್ಕಿಂತ ಕಡಿಮೆ.

ಬ್ರೆಡ್ಡನ್ನು ಕೊಯ್ದಂತೆ ಹೃದಯದ ಚಿತ್ರ ಮೂರು ಮಿಲಿಮೀಟರ್ ದಪ್ಪದ ಪದರುಗಳಾಗಿ ಬರುತ್ತದೆ. ಪ್ರತಿ ಚುಕ್ಕೆಗೂ ಒಂದು ಸಾಂದ್ರತೆಯ ಅಂಕಿ ಇರುತ್ತದೆ. ಸಿ.ಟಿ. ಯಂತ್ರಕ್ಕಾಗಿ 1979ರಲ್ಲಿ ಅಲನ್ ಕಾರ್ಮಾಕರ ಜೊತೆ ನೊಬೆಲ್ ಪಡೆದ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಹೆಸರನ್ನೇ ಈ ಮಾನಕ್ಕೆ ಇಟ್ಟಿದ್ದಾರೆ. ನೀರಿಗೆ 0, ಗಾಳಿಗೆ ಋಣ 1000. ರಕ್ತ ಮತ್ತು ಮಾಂಸ ನೂರಕ್ಕಿಂತ ಎಷ್ಟೋ ಕೆಳಗಿರುತ್ತವೆ. ಆದ್ದರಿಂದ ಹೃದಯನಾಳದ ಜಾಗದಲ್ಲಿ 130 ಅಥವಾ ಅದಕ್ಕಿಂತ ಹೆಚ್ಚು ಬಂದರೆ, ಮತ್ತು ಆ ಕಲೆ ಕನಿಷ್ಠ ಒಂದು ಚದರ ಮಿಲಿಮೀಟರ್ ಇದ್ದರೆ, ಅದನ್ನು ಸುಣ್ಣವೆಂದು ಎಣಿಸುತ್ತಾರೆ.

ಇನ್ನು ಗುಣಾಕಾರ. ಪ್ರತಿ ಕಲೆಯ ವಿಸ್ತೀರ್ಣವನ್ನು ಒಂದು ತೂಕದಿಂದ ಗುಣಿಸಬೇಕು. ಕಲೆಯ ಅತಿ ಗಟ್ಟಿ ಬಿಂದು 130ರಿಂದ 199ರೊಳಗಿದ್ದರೆ ತೂಕ 1. 200ರಿಂದ 299 ಇದ್ದರೆ 2. 300ರಿಂದ 399 ಇದ್ದರೆ 3. 400 ಮತ್ತು ಮೇಲಿದ್ದರೆ 4.

ಅಪ್ಪನ ಎಡ ಮುಂಭಾಗದ ನಾಳವನ್ನೇ ನೋಡೋಣ. ಮೂರು ಪದರುಗಳಲ್ಲಿ ಕಲೆ ಕಂಡಿದೆ. ಮೊದಲನೆಯದು 6 ಚದರ ಮಿಲಿಮೀಟರ್, ಗಟ್ಟಿತನ 340. ಆರು ಮೂರಲಿ 18. ಎರಡನೆಯದು 9 ಚದರ ಮಿಲಿಮೀಟರ್, ಗಟ್ಟಿತನ 420. ಒಂಬತ್ತು ನಾಲ್ಕಲಿ 36. ಮೂರನೆಯದು 8 ಚದರ ಮಿಲಿಮೀಟರ್, ಗಟ್ಟಿತನ 410. ಎಂಟು ನಾಲ್ಕಲಿ 32. ಕೂಡಿದರೆ 86. ಸುತ್ತುನಾಳದಲ್ಲಿ 6 ಚದರ ಮಿಲಿಮೀಟರಿನ ಒಂದೇ ಕಲೆ, ಗಟ್ಟಿತನ 250, 12. ಬಲನಾಳದಲ್ಲಿ ಎರಡು ಕಲೆ, 18 ಮತ್ತು 10, ಒಟ್ಟು 28. ಎಲ್ಲ ಸೇರಿ 126.

ಈ ಲೆಕ್ಕದ ಒಂದು ದೋಷವನ್ನು ಗಣಿತ ಬಲ್ಲ ವಿದ್ಯಾರ್ಥಿ ತಕ್ಷಣ ಹಿಡಿಯಬಲ್ಲ. ಸುತ್ತುನಾಳದ ಆ ಕಲೆಯ ಗಟ್ಟಿತನ 199 ಬಂದಿದ್ದರೆ ಅದರ ಅಂಕ 6. 200 ಬಂದಿದ್ದರೆ 12. ಒಂದೇ ಮಾನದ ವ್ಯತ್ಯಾಸಕ್ಕೆ ಅಂಕ ಇಮ್ಮಡಿ. ಪದರು ಎಲ್ಲಿ ಕೊಯ್ದಿತು, ಉಸಿರು ಸ್ವಲ್ಪ ಅಲುಗಿತೇ, ಹೃದಯ ವೇಗವಾಗಿ ಬಡಿಯುತ್ತಿತ್ತೇ ಎಂಬುದರ ಮೇಲೂ ಸಣ್ಣ ಕಲೆಯ ಅಂಕ ಬದಲಾಗುತ್ತದೆ. ಹಾಗಾಗಿ ಇಂದು 126 ಬಂದದ್ದು ನಾಳೆ ಬೇರೆ ಯಂತ್ರದಲ್ಲಿ 115 ಅಥವಾ 135 ಬಂದರೆ ಗಾಬರಿಯೂ ಬೇಡ, ಸಂಭ್ರಮವೂ ಬೇಡ. ಅಂಕ ಯಾವ ಗುಂಪಿಗೆ ಸೇರುತ್ತದೆ ಎಂಬುದೇ ಮುಖ್ಯ.

ಸಾವಿರ ಮಂದಿಯಲ್ಲಿ ಎಷ್ಟು?

ಅಂಕಕ್ಕೂ ಅಪಾಯಕ್ಕೂ ಇರುವ ಸಂಬಂಧವನ್ನು ಅಳೆದ ಹೆಸರಾಂತ ಅಧ್ಯಯನ ಅಮೆರಿಕದ 'ಮೆಸಾ'. 2000ದಲ್ಲಿ ಶುರುವಾದ ಇದರಲ್ಲಿ ಆರು ಊರುಗಳ 45ರಿಂದ 84 ವಯಸ್ಸಿನ, ಹೃದ್ರೋಗದ ಲಕ್ಷಣವಿಲ್ಲದ ಬಿಳಿಯರು, ಕರಿಯರು, ಹಿಸ್ಪಾನಿಕರು ಮತ್ತು ಚೀನೀ ಮೂಲದವರಿದ್ದರು. ಅವರಲ್ಲಿ 6,722 ಮಂದಿಯನ್ನು ಸುಮಾರು ನಾಲ್ಕು ವರ್ಷ ಗಮನಿಸಿದ ಫಲಿತಾಂಶ 2008ರಲ್ಲಿ ಹೊರಬಂತು. ಒಟ್ಟು 162 ಮಂದಿಗೆ ಹೃದಯಾಘಾತವೋ ಹೃದಯನಾಳದ ಇನ್ನಾವುದೋ ತೊಂದರೆಯೋ ಆಗಿತ್ತು.

ಈಗ ಗುಂಪುಗಳನ್ನು ನೋಡಬೇಕು. ಸೊನ್ನೆ ಅಂಕದವರು 3,409 ಮಂದಿ. ಅವರಲ್ಲಿ ತೊಂದರೆಗೆ ಒಳಗಾದವರು 15. ಅಂದರೆ ಸಾವಿರಕ್ಕೆ ಸುಮಾರು 4. ಒಂದರಿಂದ ನೂರರ ಅಂಕದವರು 1,728, ತೊಂದರೆಯಾದವರು 39, ಸಾವಿರಕ್ಕೆ 23. ನೂರೊಂದರಿಂದ ಮುನ್ನೂರರವರು 752, ತೊಂದರೆಯಾದವರು 41, ಸಾವಿರಕ್ಕೆ 55. ಮುನ್ನೂರಕ್ಕಿಂತ ಮೇಲಿನವರು 833, ತೊಂದರೆಯಾದವರು 67, ಸಾವಿರಕ್ಕೆ 80.

ಸುಣ್ಣ ಹೆಚ್ಚಿದಂತೆ ಅಪಾಯ ಏರುವುದು ಸ್ಪಷ್ಟ. 126 ಅಂಕದ ಅಪ್ಪ ಮೂರನೆಯ ಗುಂಪಿನವರು. ಸಾವಿರಕ್ಕೆ 4ರ ಪಕ್ಕ 55 ಇಟ್ಟರೆ ಸುಮಾರು ಹನ್ನೆರಡು ಪಟ್ಟು. ಆದರೆ ಅಧ್ಯಯನ ಮಾಡಿದವರು ಈ ಗುಂಪಿಗೆ ಹೇಳಿದ್ದು ಏಳೂಮುಕ್ಕಾಲು ಪಟ್ಟು. ಉಳಿದದ್ದು ಎಲ್ಲಿ ಹೋಯಿತು? ಹೆಚ್ಚು ಸುಣ್ಣವಿದ್ದವರು ಸಾಮಾನ್ಯವಾಗಿ ವಯಸ್ಸಿನಲ್ಲೂ ಹಿರಿಯರು. ಅವರಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯೂ ಹೆಚ್ಚು. ಆ ಕಾರಣಗಳ ಪಾಲನ್ನು ಕಳೆದ ಮೇಲೂ ಸುಣ್ಣದ ಹೆಸರಿಗೇ ಉಳಿದದ್ದು ಏಳೂಮುಕ್ಕಾಲು ಪಟ್ಟು. ಇಷ್ಟು ಉಳಿಯಿತು ಎಂಬುದರಿಂದಲೇ ಈ ಪರೀಕ್ಷೆಗೆ ಬೆಲೆ. ಕೊಲೆಸ್ಟರಾಲ್, ರಕ್ತದೊತ್ತಡಗಳು ರೋಗ ಬರಬಹುದಾದ ಕಾರಣಗಳನ್ನು ಹೇಳುತ್ತವೆ. ಸುಣ್ಣ ರೋಗ ಈಗಾಗಲೇ ಬಂದಿರುವುದನ್ನು ತೋರಿಸುತ್ತದೆ.

ಅದೇ ಅಂಕಿಗಳನ್ನು ಇನ್ನೊಂದು ಬದಿಯಿಂದಲೂ ಓದಬೇಕು. ಮೂರನೆಯ ಗುಂಪಿನ 752 ಮಂದಿಯಲ್ಲಿ 711 ಮಂದಿಗೆ ಆ ಅವಧಿಯಲ್ಲಿ ಏನೂ ಆಗಲಿಲ್ಲ. ಸೊನ್ನೆ ಅಂಕದವರಲ್ಲಿ 15 ಮಂದಿಗೆ ಆಯಿತು. ಸ್ಕೋರ್ ಗುಂಪಿನ ಪಾಡನ್ನು ಹೇಳುತ್ತದೆಯೇ ಹೊರತು ಒಬ್ಬನ ಹಣೆಬರಹವನ್ನಲ್ಲ.

ಮೆಸಾದಲ್ಲಿ ಭಾರತೀಯರಿರಲಿಲ್ಲ. ಆ ಕೊರತೆ ತುಂಬಲು 'ಮಸಾಲಾ' ಎಂಬ ಅಧ್ಯಯನ ನಡೆಯಿತು. ಡಾ. ಅಲ್ಕಾ ಕನಾಯಾ ಅವರ ಮುಂದಾಳ್ತನದಲ್ಲಿ 2010ರಿಂದ 2013ರೊಳಗೆ 906 ಮಂದಿ ದಕ್ಷಿಣ ಏಷ್ಯಾ ಮೂಲದವರನ್ನು ಷಿಕಾಗೋದಲ್ಲಿ ಮತ್ತು ಸಾಕಷ್ಟು ಕನ್ನಡ ಕುಟುಂಬಗಳೂ ನೆಲೆಸಿರುವ ಸ್ಯಾನ್‌ಫ್ರಾನ್ಸಿಸ್ಕೋ ಕೊಲ್ಲಿ ಪ್ರದೇಶದಲ್ಲಿ ಇದಕ್ಕೆ ಸೇರಿಸಿಕೊಂಡರು. ನಮ್ಮ ಕಡೆಯ ಗಂಡಸರ ನಾಳದ ಸುಣ್ಣ ಬಿಳಿಯ ಗಂಡಸರಷ್ಟೇ ಇತ್ತು. ಕರಿಯರು, ಹಿಸ್ಪಾನಿಕರು, ಚೀನೀಯರಿಗಿಂತ ಹೆಚ್ಚಿತ್ತು. ಆದರೆ ಇವರೆಲ್ಲ ಅಮೆರಿಕದಲ್ಲಿ ಬದುಕುವವರು. ಮಂಗಳೂರಿನ ಮನುಷ್ಯನಿಗೆ ಆ ಅಳತೆ ಹತ್ತಿರದ ಅಂದಾಜು ಮಾತ್ರ.

ಸೊನ್ನೆ ಬಂದರೆ ಸುರಕ್ಷಿತವೇ?

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ರಾಜ್ಯದ ಆಸ್ಪತ್ರೆಗಳಿಗೆ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗಲೂ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಸಾಲು ಬೆಳೆಯಿತು. ಇಂಥ ಹೊತ್ತಿನಲ್ಲಿ ಇಪ್ಪತ್ತೈದು, ಮೂವತ್ತರ ಹುಡುಗರೂ ಕ್ಯಾಲ್ಸಿಯಂ ಸ್ಕೋರ್ ಮಾಡಿಸಿಕೊಂಡು ಸೊನ್ನೆ ಬಂತೆಂದು ನಿಟ್ಟುಸಿರು ಬಿಡುವುದುಂಟು.

ಆ ಸೊನ್ನೆಗೆ ಅಷ್ಟು ಅರ್ಥವಿಲ್ಲ. ಪ್ಲಾಕ್ ಸುಣ್ಣವಾಗಲು ವರ್ಷಗಳು ಬೇಕು. ಎಳೆಯ ವಯಸ್ಸಿನ ಪ್ಲಾಕ್ ಮೆದುವಾಗಿಯೇ ಇರುತ್ತದೆ, 130ರ ಗೆರೆ ದಾಟುವುದಿಲ್ಲ. ಹೃದಯಾಘಾತವಾಗುವುದು ಬಹುಪಾಲು ಇಂಥ ಮೆದು ಪ್ಲಾಕಿನ ತೆಳು ಹೊದಿಕೆ ಹರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದಾಗ. ಹಾಗಾಗಿ ನಲವತ್ತರ ಕೆಳಗಿನವರಲ್ಲಿ ಸೊನ್ನೆ ಬರುವುದು ಸಾಮಾನ್ಯ. ಅದರಿಂದ ಧೈರ್ಯ ತಂದುಕೊಂಡು ಸಿಗರೇಟು ಮುಂದುವರಿಸುವುದು ಅಪಾಯ. ಐವತ್ತು, ಅರವತ್ತರವರಿಗೆ ಸೊನ್ನೆ ಬಂದರೆ ಅದು ನಿಜಕ್ಕೂ ಒಳ್ಳೆಯ ಸುದ್ದಿ. ಅಷ್ಟು ವರ್ಷ ಕಾಲಾವಕಾಶವಿದ್ದೂ ಸುಣ್ಣ ಕೂಡಿಲ್ಲ ಎಂದು ಅದರ ಅರ್ಥ.

ಎದೆನೋವು ಬಂದವರಿಗೂ ಈ ಪರೀಕ್ಷೆ ತಕ್ಕುದಲ್ಲ. ಎದೆ ಬಿಗಿದು, ಬೆವರಿ, ನೋವು ಎಡಗೈಗೋ ದವಡೆಗೋ ಇಳಿಯುತ್ತಿದ್ದರೆ ಆಗ ಬೇಕಾದದ್ದು ಕೂಡಲೇ ಇ.ಸಿ.ಜಿ. ಮಂಗಳೂರಿನ ಕೆ.ಎಂ.ಸಿ. ಆಸ್ಪತ್ರೆಯ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ಹಳ್ಳಿಯ ಆರೋಗ್ಯ ಕೇಂದ್ರಗಳಿಗೆ ಇ.ಸಿ.ಜಿ. ಯಂತ್ರ ಮುಟ್ಟಿಸಿ, ಅಲ್ಲಿ ತೆಗೆದ ಚಿತ್ರವನ್ನು ವಾಟ್ಸಾಪ್‌ನಲ್ಲಿ ತಜ್ಞರು ನೋಡುವ ವ್ಯವಸ್ಥೆ ಮಾಡಿದ್ದು ಇದೇ ಕಾರಣಕ್ಕೆ. ಈ ಗಳಿಗೆಯಲ್ಲಿ ಆಘಾತವಾಗುತ್ತಿದೆಯೇ ಎಂದು ಇ.ಸಿ.ಜಿ. ಹೇಳಬಲ್ಲದು. ಕ್ಯಾಲ್ಸಿಯಂ ಸ್ಕೋರ್ ಹೇಳುವುದು ಕಳೆದ ಹತ್ತಿಪ್ಪತ್ತು ವರ್ಷಗಳ ಕತೆಯನ್ನು. ಹಾಗೆಯೇ ಈಗಾಗಲೇ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಇದನ್ನು ಮಾಡಿಸಿ ಪ್ರಯೋಜನವಿಲ್ಲ. ರೋಗವಿದೆ ಎಂಬುದು ಅವರಿಗೆ ಮೊದಲೇ ಗೊತ್ತಿದೆ.

ಮಾತ್ರೆ ತಿಂದರೆ ಅಂಕ ಇಳಿಯುವುದೇ?

ಮರುದಿನ ಅಪ್ಪ ಮಗಳು ಇಬ್ಬರೂ ವೈದ್ಯರ ಬಳಿ ಹೋದರು ಎನ್ನೋಣ. ವೈದ್ಯರು ವರದಿ ನೋಡಿ ನಿಧಾನವಾಗಿ ಹೇಳಿದರು: "ನಿಮ್ಮ ವಯಸ್ಸಿಗೆ ಇದು ಹೆಚ್ಚೇ. ನಿಮ್ಮ ಪ್ರಾಯದ ನೂರು ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಎಪ್ಪತ್ತೈದಕ್ಕಿಂತ ಹೆಚ್ಚು ಮಂದಿಯ ಅಂಕ ನಿಮ್ಮದಕ್ಕಿಂತ ಕೆಳಗಿರುತ್ತದೆ. ಎಪ್ಪತ್ತೈದರ ಹಿರಿಯರಿಗೆ ಇದೇ 126 ಬಂದಿದ್ದರೆ ನಾನು ಇಷ್ಟು ಯೋಚಿಸುತ್ತಿರಲಿಲ್ಲ."

2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯಲ್ಲಿ ಈ ಅಂಕಕ್ಕೆ ಒಂದು ಸ್ಥಾನವಿದೆ. ಅಪಾಯ ಕಡಿಮೆಯೂ ಅಲ್ಲ ಹೆಚ್ಚೂ ಅಲ್ಲ ಎಂಬ ನಡುವಿನವರಿಗೆ ಸೊನ್ನೆ ಬಂದರೆ, ಅವರಿಗೆ ಸಕ್ಕರೆ ಕಾಯಿಲೆ, ಧೂಮಪಾನ, ಎಳೆಯ ವಯಸ್ಸಿನ ಹೃದ್ರೋಗದ ಕುಟುಂಬ ಚರಿತ್ರೆ ಇಲ್ಲದಿದ್ದರೆ, ಸ್ಟ್ಯಾಟಿನ್ ಮಾತ್ರೆಯನ್ನು ಸದ್ಯಕ್ಕೆ ಮುಂದೂಡಬಹುದು. 1ರಿಂದ 99ರೊಳಗಾದರೆ, ಅದರಲ್ಲೂ 55 ದಾಟಿದ್ದರೆ, ಮಾತ್ರೆಯತ್ತ ವಾಲಬೇಕು. ನೂರು ಮುಟ್ಟಿದರೆ ಅಥವಾ ಅದೇ ವಯಸ್ಸಿನವರಲ್ಲಿ ಮೇಲಿನ ಕಾಲು ಭಾಗಕ್ಕೆ ಸೇರಿದರೆ ಮಾತ್ರೆ ಬೇಕು. ಅಪ್ಪನಿಗೆ ಈ ಎರಡೂ ಅನ್ವಯಿಸುತ್ತವೆ. ತಂದೆಯ ಅಕಾಲ ಮರಣ ಬೇರೆ ಇದೆ. ಅನುಮಾನಕ್ಕೆ ಉತ್ತರ ಸಿಕ್ಕಿತು.

"ಹಾಗಾದರೆ ಆಂಜಿಯೋಗ್ರಾಂ ಬೇಡವೇ ಡಾಕ್ಟ್ರೇ?" ಎಂದು ಅಪ್ಪ ಕೇಳಿದರು.

"ಬಿಜೈನಿಂದ ಕದ್ರಿ ಗುಡ್ಡೆ ಹತ್ತುತ್ತೀರಲ್ಲ, ಎದೆ ಹಿಡಿಯುತ್ತದೆಯೇ? ಇಲ್ಲ ಎಂದಾದರೆ ಈಗ ಬೇಡ. ಈ ಅಂಕ ಬಂತೆಂದು ಸ್ಟೆಂಟ್ ಹಾಕುವುದಿಲ್ಲ. ಮಾತ್ರೆ, ರಕ್ತದೊತ್ತಡ, ದಿನದ ನಡಿಗೆ, ಈ ಮೂರನ್ನು ಬಿಡಬೇಡಿ."

ಮಗಳಿಗೆ ಇನ್ನೊಂದು ಪ್ರಶ್ನೆ ಇತ್ತು. ಒಂದು ವರ್ಷ ಮಾತ್ರೆ ತಿಂದು ಮತ್ತೆ ಸ್ಕ್ಯಾನ್ ಮಾಡಿಸಿದರೆ ಅಂಕ ಎಷ್ಟು ಇಳಿದಿರುತ್ತದೆ? ಸಹಜವಾದ ಪ್ರಶ್ನೆ, ಉತ್ತರ ಮಾತ್ರ ಅನಿರೀಕ್ಷಿತ. ಅಂಕ ಇಳಿಯುವುದಿಲ್ಲ, ಕೆಲವೊಮ್ಮೆ ಏರುತ್ತದೆ. ಸ್ಟ್ಯಾಟಿನ್ ಮೆದು ಪ್ಲಾಕಿನ ಕೊಬ್ಬನ್ನು ಕಡಿಮೆ ಮಾಡಿ ಅದನ್ನು ಗಟ್ಟಿಗೊಳಿಸುತ್ತದೆ. ಗಟ್ಟಿಯಾದದ್ದು ಹರಿಯುವ ಸಂಭವ ಕಡಿಮೆ. ಆದರೆ ಗಟ್ಟಿಯಾದಷ್ಟೂ ಯಂತ್ರ ಹೆಚ್ಚು ಅಂಕ ಕೊಡುತ್ತದೆ. ಅಗಾಟ್‌ಸ್ಟನ್ ಲೆಕ್ಕದಲ್ಲಿ 4ರ ತೂಕ ಸಿಗುವುದು ಅತಿ ಗಟ್ಟಿ ಸುಣ್ಣಕ್ಕೇ ತಾನೆ?

ಈ ತೂಕ ತಲೆಕೆಳಗಾಗಿದೆಯೇನೋ ಎಂಬ ಅನುಮಾನಕ್ಕೆ ಮೆಸಾ ಅಧ್ಯಯನದಿಂದಲೇ 2014ರಲ್ಲಿ ಆಧಾರ ಸಿಕ್ಕಿತು. ಸುಣ್ಣದ ಗಾತ್ರ ಹೆಚ್ಚಾದಷ್ಟೂ ಅಪಾಯ ಹೆಚ್ಚು. ಆದರೆ ಅಷ್ಟೇ ಗಾತ್ರದ ಸುಣ್ಣ ಹೆಚ್ಚು ಗಟ್ಟಿಯಾಗಿದ್ದರೆ ಅಪಾಯ ಕಡಿಮೆ ಎಂದು ಅಲ್ಲಿ ಕಂಡಿತು. ಅಂದರೆ ಅಪ್ಪನ 6 ಚದರ ಮಿಲಿಮೀಟರಿನ ಕಲೆ ಮುಂದೊಮ್ಮೆ 250ರಿಂದ 410ಕ್ಕೆ ಗಟ್ಟಿಯಾದರೆ ಅದರ ಅಂಕ 12ರಿಂದ 24ಕ್ಕೆ ಹೋಗುತ್ತದೆ, ನಿಜವಾದ ಅಪಾಯವಾದರೋ ಇಳಿದಿರಬಹುದು. ಹಾಗಿದ್ದೂ ಹಳೆಯ ಲೆಕ್ಕವೇ ಉಳಿದಿದೆ. ದಶಕಗಳ ಅಂಕಿ ಅಂಶಗಳೆಲ್ಲ ಅದೇ ಅಳತೆಯಲ್ಲಿವೆ.

ಆದ್ದರಿಂದ ಮಾತ್ರೆ ಆರಂಭಿಸಿದವರು ಪ್ರತಿವರ್ಷ ಸ್ಕೋರ್ ಮಾಡಿಸುವುದು ಹಣಕ್ಕೂ ಮನಸ್ಸಿಗೂ ದಂಡ. ಮಾತ್ರೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ರಕ್ತದ ಕೊಲೆಸ್ಟರಾಲ್ ನೋಡಬೇಕು. ಸ್ಕೋರಿನ ಕೆಲಸ ಮಾತ್ರೆ ಶುರು ಮಾಡಬೇಕೇ ಎಂಬ ಒಂದು ತೀರ್ಮಾನದೊಂದಿಗೆ ಬಹುಮಟ್ಟಿಗೆ ಮುಗಿಯುತ್ತದೆ.

ಮನೆಗೆ ಮರಳಿದ ಮೇಲೆ ಮಗಳು ವರದಿಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಕೂಡಿಸಿ ನೋಡಿದಳು: 86, 12, 28. ಲೆಕ್ಕ ಸರಿ ಇತ್ತು. ಅಪ್ಪ ಲಕೋಟೆಯನ್ನು ಕಪಾಟಿನಲ್ಲಿಟ್ಟು, ರಾತ್ರಿ ಊಟವಾದ ಮೇಲೆ ಮೊದಲ ಮಾತ್ರೆ ನುಂಗಿದರು. ತಮ್ಮ ತಂದೆಯ ಕಾಲಕ್ಕೆ ಇಂಥ ವರದಿ ಇರಲಿಲ್ಲ ಎಂಬ ಮಾತನ್ನು ಅವರು ಮನೆಯವರ ಮುಂದೆ ಆಡಿದ್ದು ಅಂದೇ ಮೊದಲು.